ಕಣ್ಣು ಮುಚ್ಚಿಸುವ ಲೆಕ್ಕ

ಆನಿಮೇಶನ್ ಚಿತ್ರವೊಂದರಲ್ಲಿ ಅಜ್ಜಿಯೊಬ್ಬಳು ಕಣ್ಣು ಮಿಟುಕಿಸುತ್ತಾಳೆ ಎಂದುಕೊಳ್ಳಿ. ನೋಡುವವರು ಅದನ್ನು ಗಮನಿಸುವುದೂ ಇಲ್ಲ. ಸೆಕೆಂಡಿಗೆ 24 ಚಿತ್ರ ಓಡುವ ಸಿನಿಮಾದಲ್ಲಿ ಆ ಮಿಟುಕು ಏಳೆಂಟು ಚಿತ್ರಗಳೊಳಗೆ ಮುಗಿದುಹೋಗಿರುತ್ತದೆ. ಆದರೆ ಅಷ್ಟರಲ್ಲೇ ಮೇಲಿನ ರೆಪ್ಪೆ ಗುಡ್ಡೆಯ ಮೇಲೆ ಜಾರಿ ಇಳಿದಿದೆ, ಕೆಳಗಿನದು ಚೂರು ಮೇಲೆ ಬಂದಿದೆ, ಕೂದಲು ರೆಪ್ಪೆಯ ಜೊತೆಗೇ ತಿರುಗಿದೆ. ಅಜ್ಜಿ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡರಂತೂ ಹುಬ್ಬು ಕೆಳಗಿಳಿಯುತ್ತದೆ, ಕೆನ್ನೆ ಮೇಲೇರುತ್ತದೆ, ಕಣ್ಣಿನ ಅಂಚಿನಲ್ಲಿ ಸುಕ್ಕು ಮೂಡುತ್ತದೆ. ಇವೆಲ್ಲವನ್ನೂ ಆನಿಮೇಟರ್ ಒಂದೊಂದಾಗಿ ಹಿಡಿದು ಎಳೆಯುತ್ತ ಕೂತರೆ ಒಂದು ದೃಶ್ಯಕ್ಕೆ ಒಂದು ವಾರ ಬೇಕಾದೀತು. ಅವಳ ಎದುರು ಇರುವುದು ಒಂದೇ ಒಂದು ಸ್ಲೈಡರ್. ಅದನ್ನು ಸೊನ್ನೆಯಿಂದ ಒಂದಕ್ಕೆ ಸರಿಸಿದರೆ ಕಣ್ಣು ಮುಚ್ಚುತ್ತದೆ, ಎರಡಕ್ಕೆ ಸರಿಸಿದರೆ ಬಿಗಿಯುತ್ತದೆ.

ಆ ಸ್ಲೈಡರಿನ ಹಿಂದೆ ಏನಿದೆ ಎಂಬುದು ಈ ಬರಹದ ವಿಷಯ. ಉದಾಹರಣೆಗೆ ಬ್ಲೆಂಡರ್ ತಂತ್ರಾಂಶವನ್ನು ತೆಗೆದುಕೊಂಡಿದ್ದೇನೆ. ನೆದರ್ಲೆಂಡ್ಸಿನಲ್ಲಿ ಹುಟ್ಟಿದ ಈ ತಂತ್ರಾಂಶವನ್ನು 2002ರಲ್ಲಿ ಅದರ ಬಳಕೆದಾರರೇ ಒಂದು ಲಕ್ಷ ಯೂರೋ ಚಂದಾ ಎತ್ತಿ ಎಲ್ಲರ ಸ್ವತ್ತನ್ನಾಗಿ ಮಾಡಿದರು. 2025ರಲ್ಲಿ ಅತ್ಯುತ್ತಮ ಆನಿಮೇಶನ್ ಚಿತ್ರಕ್ಕೆ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಇದರಲ್ಲೇ. ಹಣ ಕೊಡದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಗಾಗಿ ಮುಂದೆ ಹೇಳುವುದನ್ನೆಲ್ಲ ಓದುಗರು ತಮ್ಮ ಮನೆಯ ಕಂಪ್ಯೂಟರಿನಲ್ಲೇ ಮಾಡಿ ನೋಡಬಹುದು.

ಮುಖವನ್ನು ಅಂಕಿಗಳಿಂದ ಆಡಿಸುವ ಯೋಚನೆ ಬ್ಲೆಂಡರಿಗಿಂತ ಬಹಳ ಹಳೆಯದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಪಾರ್ಕ್ 1974ರಲ್ಲಿ ಬರೆದ ಡಾಕ್ಟರೇಟ್ ಪ್ರಬಂಧದ ವಿಷಯವೇ ಅದು. ಮುಖದ ಒಂದೊಂದು ಬಿಂದುವನ್ನೂ ಬೇರೆ ಬೇರೆಯಾಗಿ ಸರಿಸುವ ಬದಲು ‘ಬಾಯಿ ಎಷ್ಟು ತೆರೆದಿದೆ’, ‘ರೆಪ್ಪೆ ಎಷ್ಟು ಮುಚ್ಚಿದೆ’ ಎಂಬಂಥ ಕೆಲವೇ ಅಂಕಿಗಳನ್ನು ಕೊಟ್ಟರೆ ಸಾಕು, ಉಳಿದದ್ದನ್ನು ಲೆಕ್ಕವೇ ನೋಡಿಕೊಳ್ಳಲಿ ಎಂಬುದು ಅವರ ಹಾದಿ. ಇಂದಿನ ಸ್ಲೈಡರ್ ಮಾಡುವುದೂ ಅದನ್ನೇ.

ಮುಖವನ್ನು ಅಲುಗಾಡಿಸಲು ಬ್ಲೆಂಡರಿನಲ್ಲಿ ಮುಖ್ಯವಾಗಿ ಎರಡು ಉಪಾಯಗಳಿವೆ. ಒಂದು ಮೂಳೆ. ಪಾತ್ರದ ಮೈಯೊಳಗೆ ಕಾಣದ ಮೂಳೆಗಳ ಹಂದರವನ್ನು ಕೂರಿಸಿ, ಚರ್ಮದ ಯಾವ ಬಿಂದು ಯಾವ ಮೂಳೆಯನ್ನು ಎಷ್ಟರಮಟ್ಟಿಗೆ ಹಿಂಬಾಲಿಸಬೇಕು ಎಂದು ಗೊತ್ತುಮಾಡಿರುತ್ತಾರೆ. ಈ ಹಂದರಕ್ಕೂ ಅದರ ಹಿಡಿಕೆಗಳಿಗೂ ಸೇರಿ ರಿಗ್ ಎಂದು ಹೆಸರು. ಎರಡನೆಯದು ಶೇಪ್ ಕೀ. ಇಲ್ಲಿ ಮೂಳೆಯ ಪ್ರಶ್ನೆಯೇ ಇಲ್ಲ. ಅದೇ ಮುಖದ ಇನ್ನೊಂದು ರೂಪವನ್ನು, ಎಂದರೆ ಕಣ್ಣು ಮುಚ್ಚಿದ ಮುಖವನ್ನು, ಶಿಲ್ಪಿ ಕೈಯಾರೆ ತಿದ್ದಿ ಇಟ್ಟಿರುತ್ತಾನೆ. ಶೇಪ್ ಕೀಯ ಬೆಲೆ ಸೊನ್ನೆ ಇದ್ದಾಗ ಮೂಲ ಮುಖ, ಒಂದಾದಾಗ ತಿದ್ದಿದ ಮುಖ, ನಡುವೆ ಇದ್ದರೆ ನಡುವಿನ ರೂಪ. ಮೂಳೆ ತಿರುಗಬಲ್ಲದು, ಶೇಪ್ ಕೀ ತಿರುಗಲಾರದು. ಅದರಲ್ಲಿ ಪ್ರತಿ ಬಿಂದುವೂ ಮೊದಲ ಜಾಗದಿಂದ ಕೊನೆಯ ಜಾಗಕ್ಕೆ ನೇರ ಗೆರೆಯಲ್ಲಿ ಹೋಗುತ್ತದೆ. ಈ ಒಂದು ವ್ಯತ್ಯಾಸ ಮುಂದೆ ತೊಂದರೆ ಕೊಡಲಿದೆ.

ಇವೆರಡನ್ನೂ ಸ್ಲೈಡರಿಗೆ ಕಟ್ಟುವ ದಾರಕ್ಕೆ ಡ್ರೈವರ್ ಎನ್ನುತ್ತಾರೆ. ಬ್ಲೆಂಡರಿನಲ್ಲಿ ಅಂಕಿ ತುಂಬುವ ಬಹುತೇಕ ಪ್ರತಿಯೊಂದು ಚೌಕಕ್ಕೂ ಡ್ರೈವರ್ ಹಾಕಬಹುದು. ಹಾಕಿದ ಮೇಲೆ ಆ ಚೌಕ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದಾಚೆಗೆ ಆ ಅಂಕಿಯನ್ನು ಮನುಷ್ಯರು ತುಂಬುವಂತಿಲ್ಲ. ಬೇರೆಲ್ಲೋ ಇರುವ ಇನ್ನೊಂದು ಅಂಕಿಯನ್ನು ಓದಿ, ಒಂದು ಸಣ್ಣ ಸೂತ್ರಕ್ಕೆ ಹಾಕಿ, ಬಂದ ಉತ್ತರವನ್ನು ಡ್ರೈವರೇ ತುಂಬುತ್ತದೆ. ಒಂದು ಮುಖ್ಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು: ಸ್ಲೈಡರಿಗೆ ತನ್ನನ್ನು ಯಾರು ಓದುತ್ತಿದ್ದಾರೆ ಎಂಬುದು ಗೊತ್ತೇ ಇರುವುದಿಲ್ಲ. ಅದು ಯಾರಿಗೂ ಆಜ್ಞೆ ಮಾಡುವುದಿಲ್ಲ, ಸುಮ್ಮನೆ ಒಂದು ಅಂಕಿಯನ್ನು ಹಿಡಿದು ಕೂತಿರುತ್ತದೆ. ಓದುವ ಕೆಲಸವೆಲ್ಲ ಆಚೆ ತುದಿಯಲ್ಲಿ ನಡೆಯುತ್ತದೆ. ಆದ್ದರಿಂದಲೇ ಒಂದು ಸ್ಲೈಡರಿಗೆ ಹನ್ನೊಂದನ್ನು ಕಟ್ಟಿದರೂ ಸ್ಲೈಡರಿನಲ್ಲಿ ಏನೂ ಬದಲಾಗುವುದಿಲ್ಲ, ಮತ್ತು ಏನಾದರೂ ಕೆಟ್ಟರೆ ಹುಡುಕಬೇಕಾದದ್ದು ಸ್ಲೈಡರಿನಲ್ಲಿ ಅಲ್ಲ, ಆ ಹನ್ನೊಂದು ತುದಿಗಳಲ್ಲಿ.

ನಮ್ಮ ಅಜ್ಜಿಯ ಮುಖದಲ್ಲಿ ತುದಿಗಳು ಹನ್ನೊಂದೇ. ಮೂಳೆಗಳು ಎಂಟು: ರೆಪ್ಪೆಗೂದಲಿನದು, ಕೆಳರೆಪ್ಪೆಯದು, ಹುಬ್ಬಿನದು, ಕೆನ್ನೆಯದು, ಎಡಕ್ಕೆ ಒಂದು ಬಲಕ್ಕೆ ಒಂದು. ಶೇಪ್ ಕೀಗಳು ಮೂರು: ಮೇಲಿನ ರೆಪ್ಪೆ ಮುಚ್ಚುವ `lid_close`, ಅದರ ತಪ್ಪನ್ನು ತಿದ್ದುವ `lid_round`, ಸುಕ್ಕು ಮೂಡಿಸುವ `squeeze`. ಮೇಲಿನ ರೆಪ್ಪೆಯನ್ನೂ ಮೂಳೆಯಿಂದಲೇ ಆಡಿಸುವವರಿದ್ದಾರೆ. ಮುದುಕಿಯ ರೆಪ್ಪೆಯ ಮಡಿಕೆಗಳನ್ನು ಶಿಲ್ಪಿಯ ಕೈಯಲ್ಲೇ ತಿದ್ದಿಸಬೇಕು ಅನ್ನುವವನು ನಾನು. ಅದಕ್ಕೇ ಇಲ್ಲಿ ಶೇಪ್ ಕೀ. ಕೂದಲು ಮಾತ್ರ ಬೇರೆ ವಸ್ತುವಾದ್ದರಿಂದ ಅದಕ್ಕೆ ಗುಡ್ಡೆಯ ನಟ್ಟನಡುವಿನಿಂದ ಹೊರಟು ರೆಪ್ಪೆಯ ಅಂಚಿಗೆ ಬರುವ ಒಂದು ಮೂಳೆ ಕೊಟ್ಟಿದ್ದೇವೆ.

ಮೊದಲು ಸ್ಲೈಡರ್. ಮೂಳೆಗಳನ್ನು ಆಡಿಸುವ ಪೋಸ್ ಮೋಡ್‌ಗೆ ಹೋಗಿ, ಆನಿಮೇಟರ್ ಸದಾ ಹಿಡಿಯುವ ಮುಖದ ಹಿಡಿಕೆಯನ್ನು ಆರಿಸಿಕೊಳ್ಳಬೇಕು. ಅದರ ಹೆಸರು `CTRL_face` ಇರಲಿ. ಬಲಗಡೆ ಮೂಳೆಯ ಗುಣಲಕ್ಷಣಗಳಿರುವ ಪುಟದ ಕೆಳಭಾಗದಲ್ಲಿ `Custom Properties` ಎಂಬ ಖಾನೆ ಇದೆ. ಅಲ್ಲಿ `New` ಒತ್ತಿದರೆ ಒಂದು ಹೊಸ ಅಂಕಿ ಹುಟ್ಟುತ್ತದೆ. ಪಕ್ಕದ ಹಲ್ಲುಗಾಲಿಯ ಗುರುತನ್ನು ಒತ್ತಿ ಅದಕ್ಕೆ `eye_close` ಎಂದು ಹೆಸರಿಟ್ಟು, ಬಗೆಯನ್ನು `Float` ಎಂದು, ಕನಿಷ್ಠ 0, ಗರಿಷ್ಠ 2, ಮೂಲ ಬೆಲೆ 0 ಎಂದು ತುಂಬಿದರಾಯಿತು. ಬಗೆಯನ್ನು ಪೂರ್ಣಾಂಕವಾಗಿ ಬಿಟ್ಟರೆ ಕಣ್ಣು ತೆರೆದೇ ಇರುತ್ತದೆ ಇಲ್ಲವೇ ಮುಚ್ಚೇ ಇರುತ್ತದೆ, ನಡುವೆ ನಿಲ್ಲುವುದೇ ಇಲ್ಲ. ಇದೇ ಖಾನೆಯನ್ನು ಎಡಿಟ್ ಮೋಡ್‌ನಲ್ಲಿ ತೆರೆದು ಸ್ಲೈಡರ್ ಮಾಡುವವರೂ ಉಂಟು. ಆಗ ಅಂಕಿ ಕೂರುವುದು ಮೂಳೆಯ ಮೂಲ ರಚನೆಯಲ್ಲಿ. ಪೋಸ್ ಮೋಡ್‌ಗೆ ಬಂದು ನೋಡಿದರೆ ಖಾನೆ ಖಾಲಿ. ಮಾಡಿದ ಸ್ಲೈಡರ್ ಎಲ್ಲಿ ಮಾಯವಾಯಿತು ಎಂದು ಹುಡುಕುವವರು ಮೊದಲು ನೋಡಬೇಕಾದ ಜಾಗ ಇದು.

ಸ್ಲೈಡರನ್ನು ಮುಖದ ಹಿಡಿಕೆಯ ಮೇಲೇ ಇಡುವುದಕ್ಕೂ ಕಾರಣವಿದೆ. ಆನಿಮೇಟರ್ ಆ ಹಿಡಿಕೆಯನ್ನು ಆರಿಸಿ `N` ಒತ್ತಿದರೆ ಪರದೆಯ ಅಂಚಿನಲ್ಲಿ, `Item` ಪುಟದಲ್ಲಿ, ಸ್ಲೈಡರ್ ತಾನಾಗಿ ಕಾಣುತ್ತದೆ. ಅದರ ಮೇಲೆ ಬಾಣವಿಟ್ಟು `I` ಒತ್ತಿದರೆ ಆ ಕ್ಷಣದ ಬೆಲೆ ದಾಖಲಾಗುತ್ತದೆ. ಮಿಟುಕಿಗೆ ನಾಲ್ಕು ದಾಖಲೆ ಸಾಕು: ಒಂದನೆಯ ಚಿತ್ರದಲ್ಲಿ 0, ಮೂರರಲ್ಲಿ 1, ನಾಲ್ಕರಲ್ಲೂ 1, ಎಂಟರಲ್ಲಿ ಮತ್ತೆ 0. ಮುಚ್ಚುವುದು ಬೇಗ, ತೆರೆಯುವುದು ನಿಧಾನ. ಸ್ಲೈಡರ್ ಇಲ್ಲದಿದ್ದರೆ ಇದೇ ನಾಲ್ಕನ್ನು ಹನ್ನೊಂದು ಕಡೆ ಬರೆಯಬೇಕಿತ್ತು.

ಈಗ ಮೊದಲ ದಾರ ಕಟ್ಟೋಣ. ಸ್ಲೈಡರಿನ ಮೇಲೆ ಬಲಗುಂಡಿ ಒತ್ತಿ `Copy as New Driver` ಆರಿಸಬೇಕು. ಆಮೇಲೆ ಮುಖದ ಶೇಪ್ ಕೀಗಳ ಪಟ್ಟಿಯಲ್ಲಿ `lid_close`ನ ಬೆಲೆಯ ಮೇಲೆ ಬಲಗುಂಡಿ ಒತ್ತಿ `Paste Driver`. ಚೌಕ ನೇರಳೆಯಾಗುತ್ತದೆ. ಮತ್ತೆ ಬಲಗುಂಡಿ, `Edit Driver`: ಒಂದು ಚಿಕ್ಕ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ಡ್ರೈವರ್ ಯಾವ ಅಂಕಿಯನ್ನು ಓದುತ್ತಿದೆ ಎಂಬ ವಿಳಾಸ ಕಾಣುತ್ತದೆ:

```
pose.bones["CTRL_face"]["eye_close"]
```

ಈ ಮೂಳೆಯ ಈ ಅಂಕಿ ಎಂದಷ್ಟೇ ಅದರ ಅರ್ಥ. ಓದಿದ ಅಂಕಿಗೆ ಒಂದು ಅಡ್ಡಹೆಸರು ಬೇಕು, `v` ಎಂದಿಡೋಣ. ಬಗೆ `Scripted Expression` ಇಲ್ಲದಿದ್ದರೆ ಹಾಗೆ ಬದಲಿಸಿ, ಸೂತ್ರದ ಜಾಗದಲ್ಲಿ `min(v, 1)` ಎಂದು ಬರೆದರೆ ಮುಗಿಯಿತು. ಎರಡರಲ್ಲಿ ಚಿಕ್ಕದನ್ನು ತೆಗೆದುಕೋ ಎಂದು ಅದರರ್ಥ. ಸ್ಲೈಡರ್ ಒಂದನ್ನು ದಾಟಿ ಎರಡರ ಕಡೆಗೆ ಹೋದಾಗಲೂ ರೆಪ್ಪೆ ಒಂದರಲ್ಲೇ ನಿಲ್ಲಬೇಕಲ್ಲ.

ಸ್ಲೈಡರ್ ಎಳೆದು ನೋಡಿ. ಸೊನ್ನೆಯಲ್ಲಿ ಕಣ್ಣು ಚೆನ್ನಾಗಿ ತೆರೆದಿದೆ, ಒಂದರಲ್ಲಿ ಚೆನ್ನಾಗಿ ಮುಚ್ಚಿದೆ. ಹೆಚ್ಚಿನವರು ಇಲ್ಲಿಗೇ ಕೆಲಸ ಆಯಿತೆಂದು ಎದ್ದುಬಿಡುತ್ತಾರೆ. ಆದರೆ ಸ್ಲೈಡರನ್ನು 0.5ರಲ್ಲಿ ನಿಲ್ಲಿಸಿ, ಮುಖವನ್ನು ಪಕ್ಕದಿಂದ ನೋಡಿದರೆ ಬೇರೆಯೇ ಕಥೆ: ರೆಪ್ಪೆ ಗುಡ್ಡೆಯೊಳಗೆ ಮುಳುಗಿದೆ, ರೆಪ್ಪೆಯ ಚರ್ಮವನ್ನು ಸೀಳಿಕೊಂಡು ಕಣ್ಣಿನ ಬಿಳಿ ಹೊರಗೆ ಇಣುಕುತ್ತಿದೆ.

ಶೇಪ್ ಕೀ ನೇರ ಗೆರೆಯಲ್ಲಿ ಹೋಗುತ್ತದೆ ಎಂದೆನಲ್ಲ, ಅದರ ಫಲ ಇದು. ಗುಡ್ಡೆ ದುಂಡಗಿದೆ, ರೆಪ್ಪೆ ಅದರ ಮೇಲೆ ಕಮಾನಿನಂತೆ ಬಾಗಿ ಇಳಿಯಬೇಕು. ಶೇಪ್ ಕೀ ಮಾತ್ರ ಕಮಾನಿನ ಎರಡು ತುದಿಗಳ ನಡುವೆ ಒಳದಾರಿ ಹಿಡಿಯುತ್ತದೆ. ಎಷ್ಟು ಒಳಗೆ ಎಂಬುದನ್ನು ಹೈಸ್ಕೂಲಿನ ಗಣಿತದಲ್ಲೇ ಹೇಳಬಹುದು. ಮನುಷ್ಯರ ಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರ್, ಎಂದರೆ ತ್ರಿಜ್ಯ 12. ನಮ್ಮ ಅಜ್ಜಿಯ ದೊಡ್ಡ ಕಣ್ಣಿನಲ್ಲಿ ರೆಪ್ಪೆ ತೆರೆದ ಸ್ಥಿತಿಯಿಂದ ಮುಚ್ಚಿದ ಸ್ಥಿತಿಗೆ 60 ಡಿಗ್ರಿ ಸಾಗುತ್ತದೆ ಎಂದಿಟ್ಟುಕೊಳ್ಳಿ. ನೇರ ಗೆರೆಯ ನಟ್ಟನಡುವಿನ ಬಿಂದು ಕೇಂದ್ರದಿಂದ 12ರ ಬದಲು 10.4 ಮಿಲಿಮೀಟರ್ ದೂರದಲ್ಲಿರುತ್ತದೆ. 1.6 ಮಿಲಿಮೀಟರ್ ಒಳಕ್ಕೆ. ಅಂಕಿ ಚಿಕ್ಕದೆನಿಸಬಹುದು, ಆದರೆ ಸಿನಿಮಾದ ಪರದೆಯ ತುಂಬ ಅಜ್ಜಿಯ ಮುಖವೇ ಇರುವಾಗ ಅದು ಗಾಯದಂತೆ ಕಾಣುತ್ತದೆ. ಅಜ್ಜಿಗೆ ನಿದ್ದೆ ತೂಗುವ ದೃಶ್ಯವಿದ್ದರೆ ರೆಪ್ಪೆ ಎಷ್ಟೋ ಹೊತ್ತು ಈ ನಡುವಿನಲ್ಲೇ ಇರುತ್ತದೆ.

ಮದ್ದು ಇನ್ನೊಂದು ಶೇಪ್ ಕೀ. ಸ್ಲೈಡರನ್ನು 0.5ರಲ್ಲೇ ಬಿಟ್ಟು, ಮುಳುಗಿದ ಭಾಗವನ್ನು ಗುಡ್ಡೆಯ ಮೇಲಕ್ಕೆ ಬರುವಂತೆ ತಿದ್ದಿ, ಆ ತಿದ್ದುಪಡಿಯನ್ನಷ್ಟೇ `lid_round` ಎಂದು ಬೇರೆ ಕೀಯಾಗಿ ಉಳಿಸಿಕೊಳ್ಳಬೇಕು. ಶೇಪ್ ಕೀಗಳು ಒಂದರ ಮೇಲೊಂದು ಕೂಡುತ್ತ ಹೋಗುವುದರಿಂದ ಇದು `lid_close`ಗೆ ಸೇರಿಕೊಳ್ಳುತ್ತದೆ. ಆದರೆ ತಿದ್ದುಪಡಿ ಬೇಕಿರುವುದು ನಡುವೆ ಮಾತ್ರ. ಸೊನ್ನೆಯಲ್ಲೂ ಬೇಡ, ಒಂದರಲ್ಲೂ ಬೇಡ. ಆದ್ದರಿಂದ ಅದರ ಡ್ರೈವರಿಗೆ ಏರಿ ಇಳಿಯುವ ಸೂತ್ರ ಬೇಕು:

```
4 * min(v, 1) * (1 - min(v, 1))
```

ಸ್ಲೈಡರ್ ಸೊನ್ನೆಯಾದರೆ ಉತ್ತರ ಸೊನ್ನೆ. ಅರ್ಧದಲ್ಲಿ ನಾಲ್ಕು ಅರ್ಧ ಅರ್ಧ, ಎಂದರೆ ಒಂದು. ಒಂದನ್ನು ಮುಟ್ಟಿದರೆ ಆವರಣದೊಳಗಿನದು ಸೊನ್ನೆಯಾಗಿ ಎಲ್ಲವೂ ಸೊನ್ನೆ. ಈ ಸೂತ್ರವನ್ನು ಯಾರೋ ಅಂದಾಜಿಗೆ ತಂದಿಟ್ಟದ್ದಲ್ಲ. ನೇರ ಗೆರೆ ಕಮಾನಿನಿಂದ ಎಷ್ಟು ಒಳಸರಿಯುತ್ತದೆ ಎಂದು ಬರೆದು ನೋಡಿದರೆ ಅಲ್ಲೂ ಇದೇ ಬಗೆಯ ಗುಣಾಕಾರ ಬರುತ್ತದೆ. ನಡುವಿನಲ್ಲಷ್ಟೇ ತಿದ್ದಿದ್ದರೂ ಕಾಲುಭಾಗದಲ್ಲಿ, ಎಂದರೆ 0.25ರಲ್ಲಿ, ರೆಪ್ಪೆ ಗುಡ್ಡೆಯ ಮೇಲ್ಮೈಯಿಂದ ಕೇವಲ 0.02 ಮಿಲಿಮೀಟರ್ ಒಳಗಿರುತ್ತದೆ. ರೆಪ್ಪೆಯನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಿ ಮಾಡಿದ್ದರೆ ಅದೂ ಕಾಣುವುದಿಲ್ಲ. ಒಂದೇ ತಿದ್ದುಪಡಿ ಇಡೀ ಹಾದಿಗೆ ಸಾಲುತ್ತದೆ ಎಂಬುದು ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ.

ಕೂದಲಿನ ಮೂಳೆಗೆ ಈ ತಾಪತ್ರಯ ಇಲ್ಲ. ಅದು ಗುಡ್ಡೆಯ ನಡುವಿನಿಂದ ಹೊರಟಿರುವುದರಿಂದ ತಿರುಗಿದರೆ ತಾನಾಗಿಯೇ ಕಮಾನಿನಲ್ಲಿ ಸಾಗುತ್ತದೆ. ಸ್ಲೈಡರಿನ ಡ್ರೈವರನ್ನು ಆ ಮೂಳೆಯ ತಿರುಗುವಿಕೆಯ ಚೌಕಕ್ಕೆ ಅಂಟಿಸಿ ಸೂತ್ರ ಬರೆಯಬೇಕು:

```
radians(60) * min(v, 1)
```

ಇಲ್ಲಿ ಎರಡು ಗುಂಡಿಗಳಿವೆ, ಹೊಸಬರು ಎರಡಕ್ಕೂ ಬೀಳುತ್ತಾರೆ. ಪರದೆಯ ಮೇಲೆ ತಿರುಗುವಿಕೆ ಡಿಗ್ರಿಯಲ್ಲಿ ಕಾಣುತ್ತದೆ, ಆದರೆ ಸೂತ್ರದ ಉತ್ತರವನ್ನು ಬ್ಲೆಂಡರ್ ರೇಡಿಯನ್ ಎಂದೇ ತಿಳಿಯುತ್ತದೆ. ಸೂತ್ರದಲ್ಲಿ ಬರೀ `60 * v` ಎಂದು ಬರೆದರೆ ಅದು ಅರವತ್ತು ರೇಡಿಯನ್, ಎಂದರೆ ಸುಮಾರು 3,438 ಡಿಗ್ರಿ. ಸ್ಲೈಡರ್ ಒಂದಕ್ಕೆ ಬರುವಷ್ಟರಲ್ಲಿ ಕೂದಲು ಒಂಬತ್ತೂವರೆ ಸುತ್ತು ಹೊಡೆದಿರುತ್ತದೆ. ಸ್ಲೈಡರನ್ನು ಚೂರೇ ಚೂರು ಸರಿಸಿದರೂ ಭಾಗವೊಂದು ಗಿರಗಿರ ತಿರುಗಿತೆಂದರೆ ಕಾರಣ ಇದೇ.

ಎರಡನೆಯದು ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಬ್ಲೆಂಡರಿನಲ್ಲಿ ಮೂಳೆಗಳು ಹುಟ್ಟುವಾಗಲೇ ಕ್ವಾಟರ್ನಿಯನ್ ಎಂಬ ಪದ್ಧತಿಯಲ್ಲಿರುತ್ತವೆ. ಅದರಲ್ಲಿ ತಿರುಗುವಿಕೆಗೆ ಮೂರರ ಬದಲು ನಾಲ್ಕು ಅಂಕಿಗಳು: `W`, `X`, `Y`, `Z`. ಇವು ಕೋನಗಳೇ ಅಲ್ಲ. ಇದನ್ನು ಗಮನಿಸದೆ `X` ಚೌಕಕ್ಕೆ ಮೇಲಿನ ಸೂತ್ರವನ್ನು ಅಂಟಿಸಿದರೆ ಕೂದಲು 60ರ ಬದಲು 93 ಡಿಗ್ರಿಯಷ್ಟು ತಿರುಗುತ್ತದೆ. ಪೂರ್ತಿ ಹುಚ್ಚಾಟವಾದರೆ ತಪ್ಪು ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ, ದಿಕ್ಕು ಸರಿಯಿದೆ, ಅಳತೆ ಸ್ವಲ್ಪ ಜಾಸ್ತಿ. ಕೆಲವರು ಸೂತ್ರದಲ್ಲಿ 60ನ್ನು 40 ಮಾಡಿ, ಒಂದರಲ್ಲಿ ಸರಿಹೋಗುವ ತನಕ ತಡಕಾಡಿ, ನಡುವೆ ಯಾಕೆ ಹೊಂದುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುತ್ತಾರೆ. ಡ್ರೈವರ್ ಹಾಕುವ ಮೊದಲೇ ಮೂಳೆಯ ಪದ್ಧತಿಯನ್ನು `XYZ Euler` ಎಂದು ಬದಲಿಸಿಕೊಂಡರೆ ಈ ಗೋಳಿಲ್ಲ.

ಕೂದಲು ಕೋನದ ಲೆಕ್ಕದಲ್ಲಿ ಸಾಗುತ್ತದೆ, ರೆಪ್ಪೆ ಗೆರೆಯ ಲೆಕ್ಕದಲ್ಲಿ. ಇಬ್ಬರೂ ಒಂದೇ ಸ್ಲೈಡರನ್ನು ಓದುತ್ತಿದ್ದಾರೆ, ಆದರೆ ದಾರಿ ಬೇರೆ. ಜೊತೆಗೇ ಹೋಗುತ್ತಾರೆಯೇ? `lid_round` ಇಲ್ಲದಿದ್ದರೆ ಇಲ್ಲ. ನಡುವೆ ಕೂದಲು ರೆಪ್ಪೆಯನ್ನು ಬಿಟ್ಟು ಒಂದೂವರೆ ಮಿಲಿಮೀಟರಿನಷ್ಟು ಮುಂದೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದು ಇದ್ದರೆ ಇಬ್ಬರ ನಡುವಿನ ವ್ಯತ್ಯಾಸ ಎಲ್ಲೂ ಅರ್ಧ ಡಿಗ್ರಿಯನ್ನು ಹೆಚ್ಚು ಮೀರುವುದಿಲ್ಲ, ಮಿಲಿಮೀಟರಿನ ಹತ್ತನೇ ಒಂದು ಪಾಲು. ಇಷ್ಟೆಲ್ಲ ಆದಮೇಲೂ ರೆಪ್ಪೆ ಎರಡು ಪಟ್ಟು ಕೆಳಗೆ ಇಳಿದರೆ ಒಂದು ಅನುಮಾನ ಪಡಬೇಕು: ರೆಪ್ಪೆಯ ಚರ್ಮ ಕೂದಲಿನ ಮೂಳೆಯನ್ನೂ ಹಿಂಬಾಲಿಸುತ್ತಿರಬಹುದು. ಬ್ಲೆಂಡರ್ ಮೊದಲು ಶೇಪ್ ಕೀಗಳನ್ನು ಕೂಡಿಸುತ್ತದೆ, ಆಮೇಲೆ ಮೂಳೆಗಳಿಂದ ಬಾಗಿಸುತ್ತದೆ. ಕೀಯೂ ಇಳಿಸಿ ಮೂಳೆಯೂ ಇಳಿಸಿದರೆ ಎರಡರಷ್ಟಾಗದೆ ಇನ್ನೇನು? ಮೇಲ್ರೆಪ್ಪೆಯ ಚರ್ಮ ತಲೆಯ ಮೂಳೆಯೊಂದನ್ನೇ ಹಿಂಬಾಲಿಸಬೇಕು.

ಕೆಳರೆಪ್ಪೆಗೆ ಎಂಟು ಡಿಗ್ರಿ ಸಾಕು, ಸೂತ್ರ ಕೂದಲಿನದೇ. ಮಿಟುಕಿನಲ್ಲಿ ಬಹುತೇಕ ಕೆಲಸ ಮೇಲಿನ ರೆಪ್ಪೆಯದು ಎಂಬುದನ್ನು ಕನ್ನಡಿಯ ಮುಂದೆ ನಿಂತು ಯಾರು ಬೇಕಾದರೂ ನೋಡಬಹುದು.

ಕನ್ನಡಿಯ ಮುಂದೆ ನಿಂತವರು ಇನ್ನೊಂದನ್ನೂ ನೋಡಲಿ. ಸುಮ್ಮನೆ ಮಿಟುಕಿಸಿದಾಗ ಹುಬ್ಬು ಅಲುಗುವುದೇ ಇಲ್ಲ ಎನ್ನಬಹುದು. ಬಿಗಿದು ಮುಚ್ಚಿದಾಗಲೇ ಅದು ಇಳಿಯುವುದು, ಕೆನ್ನೆ ಏರುವುದು. ಸ್ಲೈಡರಿಗೆ ಎರಡರ ತನಕ ಜಾಗ ಬಿಟ್ಟದ್ದು ಇದಕ್ಕಾಗಿ. ಮೊದಲ ಅರ್ಧ ರೆಪ್ಪೆಯದು, ಎರಡನೆಯ ಅರ್ಧ ಹುಬ್ಬು, ಕೆನ್ನೆ, ಸುಕ್ಕುಗಳದು. ಆದರೆ ಗಡಿಯನ್ನು ಒಂದರಲ್ಲೇ ಕೊರೆದಂತೆ ಇಟ್ಟರೆ ರೆಪ್ಪೆ ನಿಂತ ಕ್ಷಣವೇ ಹುಬ್ಬು ಹೊರಟು, ಗೇರು ಬದಲಿಸಿದ ಬಸ್ಸಿನಂತೆ ಮುಖ ಒಮ್ಮೆ ಜಗ್ಗುತ್ತದೆ. ಹುಬ್ಬು ಸ್ವಲ್ಪ ಮೊದಲೇ, ಮೆಲ್ಲಗೆ ಹೊರಡಬೇಕು:

```
-0.004 * smoothstep(0.8, 2, v)
```

`smoothstep` ಮಾಡುವುದಿಷ್ಟೆ: ಸ್ಲೈಡರ್ 0.8 ತಲುಪುವ ತನಕ ಸೊನ್ನೆ, 2ರಲ್ಲಿ ಒಂದು, ನಡುವೆ ಎರಡೂ ತುದಿಗಳಲ್ಲಿ ನಿಧಾನವಾಗಿ ಏರುವ ಬಾಗು. ಬ್ಲೆಂಡರಿನ ಅಳತೆ ಮೀಟರಿನಲ್ಲಿ ಇರುವುದರಿಂದ 0.004 ಎಂದರೆ ನಾಲ್ಕು ಮಿಲಿಮೀಟರ್. ಕಣ್ಣು ಪೂರ್ತಿ ಮುಚ್ಚಿದಾಗ ಹುಬ್ಬು ಇಳಿದಿರುವುದು 0.3 ಮಿಲಿಮೀಟರ್ ಮಾತ್ರ; ಇದೆ ಎಂದು ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಮುಖ ಮರದ್ದೆನಿಸುತ್ತದೆ. ಕೆನ್ನೆಗೆ ಇದೇ ಸೂತ್ರ, ಗುರುತು ಕೂಡು, ಅಳತೆ 0.003. `squeeze` ಕೀಗೆ ಮುಂದಿನ ಗುಣಾಕಾರವೂ ಬೇಡ, `smoothstep` ಒಂದೇ ಸಾಕು. ಕೂಡು ಕಳೆ ಗುರುತುಗಳನ್ನು ಮಾತ್ರ ಅವರವರ ರಿಗ್‌ನಲ್ಲಿ ನೋಡಿಕೊಳ್ಳಬೇಕು, ಮೂಳೆಯ ಅಕ್ಷ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಹುಬ್ಬಿನ ವಿಷಯದಲ್ಲಿ ರಿಗ್ ಮಾಡುವವರಿಗೂ ಆನಿಮೇಟರಿಗೂ ಜಗಳ ಹತ್ತುವ ಜಾಗವೊಂದಿದೆ. ನೇರಳೆಯಾದ ಚೌಕ ಡ್ರೈವರಿನ ಸ್ವತ್ತು ಎಂದೆ. ಆನಿಮೇಟರ್ ಹುಬ್ಬನ್ನು ಹಿಡಿದು ಮೇಲಕ್ಕೆ ಎಳೆದರೆ ಅದು ಕ್ಷಣ ಮಾತ್ರ ಬಂದು ವಾಪಸು ಕೂರುತ್ತದೆ, ಡ್ರೈವರ್ ತನ್ನ ಅಂಕಿಯನ್ನು ಮತ್ತೆ ಬರೆದಿರುತ್ತದೆ. ಅಜ್ಜಿ ಆಶ್ಚರ್ಯಪಡಬೇಕು, ಹುಬ್ಬು ಏರಬೇಕು, ಏರುವಂತಿಲ್ಲ. ಸ್ಲೈಡರ್ ಬಂದು ಆನಿಮೇಟರಿನ ಕೈ ಕಟ್ಟಿಹಾಕಿದಂತಾಯಿತು. ಇದಕ್ಕೆ ಪರಿಹಾರ ಮೂಳೆಯನ್ನು ಎರಡಾಗಿಸುವುದು. `brow_drv.L` ಎಂಬ ಒಂದು ಮೂಳೆ ಮಾಡಿ ಡ್ರೈವರನ್ನು ಅದರ ಮೇಲೆ ಹಾಕಿ, ಬಚ್ಚಿಡಬೇಕು. ಅದೇ ಜಾಗದಲ್ಲಿ `brow.L` ಎಂಬ ಮಗುಮೂಳೆಯನ್ನು ಅದಕ್ಕೆ ಜೋಡಿಸಿ ಆನಿಮೇಟರಿಗೆ ಕೊಡಬೇಕು. ಚರ್ಮ ಹಿಂಬಾಲಿಸುವುದು ಮಗುವನ್ನು. ತಾಯಿ ಸ್ಲೈಡರ್ ಹೇಳಿದಂತೆ ಇಳಿಯುತ್ತಾಳೆ, ಮಗು ಅವಳ ಜೊತೆ ಇಳಿದೂ ತನ್ನ ಪಾಲಿನ ಚಲನೆಯನ್ನು ಉಳಿಸಿಕೊಳ್ಳುತ್ತದೆ. ಡ್ರೈವರ್ ಹಾಕಿದ ಮೂಳೆ ಯಾವುದೂ ಆನಿಮೇಟರಿನ ಕೈಗೆ ಸಿಗಬಾರದು, ಆನಿಮೇಟರಿನ ಕೈಗೆ ಸಿಗುವ ಮೂಳೆ ಯಾವುದರ ಮೇಲೂ ಡ್ರೈವರ್ ಇರಬಾರದು ಎಂಬುದನ್ನು ನಾನು ಸೂತ್ರಗಳಿಗಿಂತ ಮೇಲಿನ ನಿಯಮವಾಗಿ ಇಡುತ್ತೇನೆ. ಮೂಳೆಗಳ ಸಂಖ್ಯೆ ಹೆಚ್ಚುತ್ತದೆ, ಹೆಚ್ಚಲಿ.

ಬಲಗಡೆಯದಕ್ಕೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಿಲ್ಲ. ಎಡದ ಚೌಕದ ಡ್ರೈವರನ್ನು ನಕಲು ತೆಗೆದು ಬಲದ ಚೌಕಕ್ಕೆ ಅಂಟಿಸಿದರೆ ವಿಳಾಸವೂ ಸೂತ್ರವೂ ಒಟ್ಟಿಗೇ ಬರುತ್ತವೆ. ಕನ್ನಡಿ ಬಿಂಬದಂತೆ ಮಾಡಿದ ಮೂಳೆಗಳಲ್ಲಿ `X` ಅಕ್ಷದ ಸುತ್ತ ತಿರುಗುವುದಕ್ಕೆ ಗುರುತು ಅದೇ ಇರುತ್ತದೆ, ಆದರೆ `X` ಉದ್ದಕ್ಕೆ ಸರಿಯುವುದು ತಿರುವುಮುರುವಾಗುತ್ತದೆ.

ಇನ್ನು ಕೆಟ್ಟಾಗ ಎಲ್ಲಿ ನೋಡಬೇಕು ಎಂಬ ಮಾತು. ಮೂಳೆಯ ಹೆಸರು ಬದಲಿಸಿದರೆ ಡ್ರೈವರಿನ ವಿಳಾಸವನ್ನು ಬ್ಲೆಂಡರ್ ತಾನೇ ತಿದ್ದಿಕೊಳ್ಳುತ್ತದೆ. ಸ್ಲೈಡರಿನ ಹೆಸರಿಗೆ ಆ ಭರವಸೆ ಇಟ್ಟುಕೊಳ್ಳಬಾರದು. `eye_close` ಎಂಬುದನ್ನು `Eye_close` ಎಂದು ಚಂದ ಮಾಡಲು ಹೋದರೂ ಸಾಕು, ಓದುತ್ತಿದ್ದವರಿಗೆ ಹಳೆಯ ಹೆಸರು ಸಿಗುವುದಿಲ್ಲ. ಡ್ರೈವರಿನ ಕಿಟಕಿಯಲ್ಲಿ ವಿಳಾಸ ಕೆಂಪಾಗಿ ಕಾಣುತ್ತದೆ, ಮುಖ ಕೊನೆಯದಾಗಿ ಎಲ್ಲಿತ್ತೋ ಅಲ್ಲೇ ನಿಂತಿರುತ್ತದೆ. ಇನ್ನೊಂದು, ಶೇಪ್ ಕೀಗಳ ಡ್ರೈವರುಗಳು ಇರುವುದು ರಿಗ್‌ನಲ್ಲಿ ಅಲ್ಲ, ಮುಖದ ಆಕಾರದ ಜೊತೆಗೆ. ಹಾಗಾಗಿ ರಿಗ್ ಒಂದನ್ನೇ ನಕಲು ಮಾಡಿ ಅಜ್ಜಿಯ ತಂಗಿಯನ್ನು ಮಾಡಲು ಹೊರಟರೆ, ಮುಖ ಹಳೆಯ ರಿಗ್‌ನ ಸ್ಲೈಡರನ್ನೇ ಓದುತ್ತಿರುತ್ತದೆ. ಹೊಸ ಸ್ಲೈಡರಿಗೆ ಹುಬ್ಬು ಕೆನ್ನೆ ಮಾತ್ರ ಅಲುಗಿ ರೆಪ್ಪೆ ಸುಮ್ಮನಿದ್ದರೆ ಇದೇ ಆಗಿದೆ ಎಂದರ್ಥ.

ತನ್ನ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಮುಖ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕಲ್ಲಾಗುವುದಕ್ಕೆ ಕಾರಣ ಬೇರೆ. ಡ್ರೈವರಿನ ಸೂತ್ರ ಪೈಥಾನ್ ಭಾಷೆಯದು. ಪೈಥಾನಿನಲ್ಲಿ ಕಡತ ಅಳಿಸುವ ಸೂತ್ರವನ್ನೂ ಬರೆಯಬಹುದಾದ್ದರಿಂದ, ಬೇರೆಯವರಿಂದ ಬಂದ ಕಡತದ ಸೂತ್ರಗಳನ್ನು ಬ್ಲೆಂಡರ್ ಅನುಮತಿ ಇಲ್ಲದೆ ನಡೆಸುವುದಿಲ್ಲ. ಆದರೆ ಕೂಡು, ಕಳೆ, ಹೋಲಿಕೆ, `min`, `max`, `radians`, `clamp`, `smoothstep` ಮುಂತಾದ ಸರಳ ಲೆಕ್ಕಗಳಷ್ಟೇ ಇದ್ದರೆ ಪೈಥಾನನ್ನು ಕರೆಯದೆ ತಾನೇ ಮಾಡಿಬಿಡುತ್ತದೆ. ಅನುಮತಿಯೂ ಬೇಡ, ವೇಗವೂ ಹೆಚ್ಚು. ಈ ಮಿತಿಯನ್ನು ದಾಟಿದ ಸೂತ್ರ ಬರೆದರೆ ಡ್ರೈವರಿನ ಕಿಟಕಿಯಲ್ಲಿ `Slow Python expression` ಎಂಬ ಎಚ್ಚರಿಕೆ ಬರುತ್ತದೆ. ಮೇಲೆ ಕೊಟ್ಟ ಸೂತ್ರಗಳೆಲ್ಲ ಮಿತಿಯೊಳಗಿನವು. ಅಜ್ಜಿಯ ಕಡತವನ್ನು ಯಾರಿಗೆ ಕಳಿಸಿದರೂ ಕಣ್ಣು ಮುಚ್ಚುತ್ತದೆ.

ಈ ಸ್ಲೈಡರಿಗೆ ಆಗದ ಕೆಲಸವೂ ಇದೆ: ಕಣ್ಣು ಹೊಡೆಯುವುದು. ಎರಡೂ ಕಣ್ಣು ಒಂದೇ ಅಂಕಿಯನ್ನು ಓದುತ್ತಿವೆ. ಮೊಮ್ಮಗನ ಕಡೆ ನೋಡಿ ಅಜ್ಜಿ ಒಂದೇ ಕಣ್ಣು ಮಿಟುಕಿಸಬೇಕಾದರೆ ಮೂರು ಶೇಪ್ ಕೀಗಳನ್ನೂ ಎಡ ಬಲ ಎಂದು ಆರಾಗಿ ಒಡೆಯಬೇಕು. ಕೀಯ `Vertex Group` ಖಾನೆಯಲ್ಲಿ ಮುಖದ ಆಯಾ ಅರ್ಧವನ್ನು ಹೆಸರಿಸಿದರೆ ಕೆತ್ತಿದ್ದನ್ನು ಮತ್ತೆ ಕೆತ್ತದೆ ಒಡೆಯಬಹುದು. ಆಮೇಲೆ `wink_L`, `wink_R` ಎಂಬ ಎರಡು ಹೊಸ ಸ್ಲೈಡರ್ ಮಾಡಿ, ಎಡಗಡೆಯ ಪ್ರತಿ ಡ್ರೈವರಿಗೂ `w` ಎಂಬ ಎರಡನೆಯ ಅಡ್ಡಹೆಸರು ಕೊಟ್ಟು ಅದು `wink_L` ಅನ್ನು ಓದುವಂತೆ ಮಾಡಬೇಕು. ಸೂತ್ರದಲ್ಲಿ `min(v, 1)` ಇದ್ದಲ್ಲೆಲ್ಲ `min(v + w, 1)` ಬರುತ್ತದೆ, `smoothstep` ಒಳಗೂ `v + w`. ಬಲಗಡೆಗೂ ಹಾಗೆಯೇ. ಹನ್ನೊಂದು ಡ್ರೈವರುಗಳು ಹದಿನಾಲ್ಕಾಗುತ್ತವೆ, ಹಳೆಯ `eye_close` ಮಾತ್ರ ಮೊದಲಿದ್ದ ಹಾಗೇ ಕೆಲಸ ಮಾಡುತ್ತಿರುತ್ತದೆ, ಅದರಿಂದ ಮಾಡಿದ ಹಳೆಯ ದೃಶ್ಯಗಳು ಯಾವುವೂ ಕೆಡುವುದಿಲ್ಲ.